ಒಬ್ಬಳ ಕಥೆ ಮತ್ತು ಟ್ರಸ್ಟಿನ ಅಂಕಿ: ಸಹಾಯಾರ್ಥ ಭೋಜನಕೂಟದ ಮನವಿ ಹೇಗಿರಬೇಕು
(ವಿದ್ಯಾರ್ಥಿವೇತನ ನಿಧಿಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮುಂಬಯಿ, ಪುಣೆ, ಹೈದರಾಬಾದಿನಂಥ ಊರುಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಹಾಯಾರ್ಥ ಭೋಜನಕೂಟಕ್ಕೆ ಒಂದು ಪರಿಚಿತ ಕ್ರಮವಿದೆ. ಣಮೋಕಾರ ಮಂತ್ರ, ದೀಪ ಬೆಳಗುವುದು, ಸ್ವಾಗತ, ಅನಂತರ ಕಾರ್ಯದರ್ಶಿಯವರ ವರದಿ. ಇಷ್ಟು ವರ್ಷಗಳಲ್ಲಿ ಇಷ್ಟು ವಿದ್ಯಾರ್ಥಿಗಳು, ಇಷ್ಟು ಲಕ್ಷ ವಿತರಣೆ, ಇಷ್ಟು ಅರ್ಜಿ ಬಾಕಿ. ವರದಿ ಸತ್ಯವಾಗಿರುತ್ತದೆ, ಲೆಕ್ಕ ಚೊಕ್ಕವಾಗಿರುತ್ತದೆ. ಆದರೂ ಸಭೆಯ ಕಣ್ಣು ಬಡಿಸುವವರ ಕಡೆಗಿರುತ್ತದೆ. ಕೊನೆಯಲ್ಲಿ ಪ್ರತಿ ವರ್ಷ ಕೊಡುವ ಹತ್ತು ಮಂದಿ ಅಷ್ಟೇ ಮೊತ್ತವನ್ನು ಮತ್ತೆ ಕೊಡುತ್ತಾರೆ.

ಇದೇ ಸಮಾಜ ಪಂಚಕಲ್ಯಾಣ ಮಹೋತ್ಸವದ ಸವಾಲಿನಲ್ಲಿ ಒಂದು ಕಲಶಕ್ಕೆ ಕೈ ತೆರೆದು ಕೊಡುತ್ತದೆ. ಇದನ್ನು ಕೇವಲ ಪ್ರತಿಷ್ಠೆ ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ಅರ್ಧ ಸತ್ಯ. ಸವಾಲಿನಲ್ಲಿ ಕಲಶ ಒಂದೇ, ಅದು ಕಣ್ಣೆದುರಿಗಿರುತ್ತದೆ, ತನ್ನ ಹಣದಿಂದ ಏನು ನಡೆಯುವುದೆಂಬುದು ದಾನಿಗೆ ನಿಚ್ಚಳವಾಗಿ ಗೊತ್ತಿರುತ್ತದೆ. ವಿದ್ಯಾರ್ಥಿವೇತನ ನಿಧಿಯ ವರದಿಯಲ್ಲಿ ಈ ಮೂರೂ ಇರುವುದಿಲ್ಲ.

ಈ ವ್ಯತ್ಯಾಸವನ್ನು ಅಳೆಯಲು ಯತ್ನಿಸಿದ ಪ್ರಯೋಗವೊಂದಿದೆ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಪಾಲ್ ಸ್ಲೋವಿಕ್ ಎಂಬ ಮೂವರು ವಿದ್ವಾಂಸರು ಅಮೆರಿಕದಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ್ದು. ಒಂದು ಸಣ್ಣ ಪ್ರಶ್ನಾವಳಿಯನ್ನು ತುಂಬಿಕೊಟ್ಟವರಿಗೆ 5 ಡಾಲರ್ ಕೊಟ್ಟು, ಅದರಲ್ಲಿ ಇಷ್ಟಬಂದಷ್ಟನ್ನು ದಾನ ಮಾಡಬಹುದೆಂದು ಹೇಳಲಾಯಿತು. ಒಂದು ಗುಂಪಿಗೆ ಮಾಲಿ ದೇಶದ ರೊಕಿಯಾ ಎಂಬ 7 ವರ್ಷದ ಬಡ ಬಾಲಕಿಯ ಚಿತ್ರ ಮತ್ತು ಕಥೆ ದೊರೆಯಿತು. ಇನ್ನೊಂದಕ್ಕೆ ಆಫ್ರಿಕಾದ ಹಲವು ದೇಶಗಳ ಹಸಿವಿನ ಅಂಕಿಅಂಶಗಳು. ಮೂರನೆಯದಕ್ಕೆ ಎರಡೂ. ಬಾಲಕಿಯ ಕಥೆ ಓದಿದವರು ಸರಾಸರಿ 2.38 ಡಾಲರ್ ಕೊಟ್ಟರು. ಅಂಕಿ ಓದಿದವರು 1.14, ಎರಡನ್ನೂ ಓದಿದವರು 1.43.

ಗಮನಿಸಬೇಕಾದುದು ಮೂರನೆಯ ಸಂಖ್ಯೆಯನ್ನು. ಕಥೆಯ ಜೊತೆಗೆ ಅಂಕಿ ಸೇರಿದರೆ ಮನವಿಗೆ ಬಲ ಬರುತ್ತದೆಂಬುದು ಕಾರ್ಯದರ್ಶಿಗಳ ಸಹಜ ನಂಬಿಕೆ. ಇಲ್ಲಿ ಅಂಕಿಯು ಕಥೆಯ ಬಲವನ್ನು ಇಳಿಸಿತು. ಒಬ್ಬಳನ್ನು ಕುರಿತು ಕೇಳುವಾಗ ಮರುಕ ಮುಂದಿರುತ್ತದೆ; ಸಂಖ್ಯೆ ಬಂದೊಡನೆ ಮನಸ್ಸು ಲೆಕ್ಕಕ್ಕಿಳಿಯುತ್ತದೆ, ಸಾಗರದಂಥ ಕಷ್ಟದಲ್ಲಿ ತನ್ನ ಹನಿ ಯಾವ ಮೂಲೆಗೆ ಎಂದು ಕೇಳುತ್ತದೆ.

ಆದರೆ ಇದನ್ನು ಮಂತ್ರವೆಂದು ನಂಬುವುದು ತಪ್ಪು. ಇದೇ ಪ್ರಯೋಗವನ್ನು ಬೇರೆ ಸಂಶೋಧಕರು ಸುಮಾರು ಒಂದು ಸಾವಿರ ಮಂದಿಯೊಡನೆ ಅಂತರ್ಜಾಲದ ಮೂಲಕ ಮತ್ತೆ ನಡೆಸಿ 2023ರಲ್ಲಿ ಪ್ರಕಟಿಸಿದಾಗ ಕಥೆಗೂ ಅಂಕಿಗೂ ಅಂಥ ಅಂತರ ಕಾಣಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಕಂಡ ಪರಿಣಾಮವೂ ಚಿಕ್ಕದು. ಆದ್ದರಿಂದ ಭಾವಚಿತ್ರವೊಂದನ್ನು ಪರದೆಯ ಮೇಲೆ ತೋರಿಸಿದ ಮಾತ್ರಕ್ಕೆ ನಿಧಿ ತುಂಬುವುದಿಲ್ಲ. ಕಥೆಯನ್ನು ಕಟ್ಟುವ ರೀತಿಯಲ್ಲಿಯೇ ಅದರ ಕೆಲಸವಿದೆ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ನೋಡಬಹುದು. ಹೆಸರೂ ಮೊತ್ತವೂ ಕಲ್ಪಿತ. ಒಂದು ನಿಧಿಗೆ 40 ಅರ್ಜಿಗಳು ಬಂದಿವೆ. ಅವುಗಳಲ್ಲಿ ಒಂದು ಚಿಕ್ಕೋಡಿ ಕಡೆಯ ಹಳ್ಳಿಯ ಹುಡುಗಿಯದು. ಅವಳನ್ನು ಪದ್ಮಾ ಎನ್ನಬಹುದು. ತಂದೆ ಇತರರ ಕಬ್ಬಿನ ಗದ್ದೆಯಲ್ಲಿ ದುಡಿಯುತ್ತಾರೆ. ಮಗಳಿಗೆ ಬೆಳಗಾವಿಯಲ್ಲಿ ನರ್ಸಿಂಗ್ ಪದವಿಗೆ ಸೀಟು ದೊರೆತಿದೆ, ಶುಲ್ಕಕ್ಕೆ ಸಾಲವೂ ದೊರೆತಿದೆ. ದೊರೆಯದಿರುವುದು ಹಾಸ್ಟೆಲಿನ ಮತ್ತು ಊಟದ ಖರ್ಚು, ತಿಂಗಳಿಗೆ 4,500 ರೂಪಾಯಿ.

ಸಾಮಾನ್ಯ ಮನವಿಯಲ್ಲಿ ಇವಳು “ಗ್ರಾಮೀಣ ಪ್ರದೇಶದ ಪ್ರತಿಭಾವಂತ ಬಡ ವಿದ್ಯಾರ್ಥಿನಿ” ಆಗುತ್ತಾಳೆ. ಈ ಮಾತು ಉಳಿದ 39 ಅರ್ಜಿಗಳಿಗೂ ಒಪ್ಪುತ್ತದೆ. ಆದ್ದರಿಂದ ಇದು ಕಥೆಯಲ್ಲ, ಅಂಕಿಯ ಇನ್ನೊಂದು ರೂಪ. ಅರ್ಜಿಯನ್ನು ಪರಿಶೀಲಿಸುವವರು ಒಂದು ಸಲ ಫೋನ್ ಮಾಡಿ, “ತಂಗಿ, ಬೆಳಿಗ್ಗೆ ಎದ್ದಾಗಿನಿಂದ ನಿನ್ನ ದಿನ ಹೇಗೆ ಹೋಗುತ್ತದೆ, ಹೇಳು” ಎಂದು ಕೇಳಿದರೆ ಬೇರೆಯೇ ಸಂಗತಿ ಹೊರಬರುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಪಾಳಿ ಏಳೂವರೆಗೆ. ಊರಿನ ಮೊದಲ ಬಸ್ಸು ಬೆಳಗಾವಿ ತಲುಪುವುದು ಎಂಟೂಕಾಲಿಗೆ. ತಡವಾದ ದಿನ ಹಾಜರಿಯಿಲ್ಲ, ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ. ಸೀಟು ಇದೆ, ಸಾಲ ಇದೆ, ಓದುವ ಶಕ್ತಿಯೂ ಇದೆ. ಮುಕ್ಕಾಲು ಗಂಟೆ ಮಾತ್ರ ಇಲ್ಲ.

ಈಗ ಮನವಿಗೆ ಬೆನ್ನೆಲುಬು ಬಂದಿತು. ಹಾಸ್ಟೆಲಿನ ಒಂದು ಹಾಸಿಗೆ ಅವಳಿಗೆ ಆ ಮುಕ್ಕಾಲು ಗಂಟೆಯನ್ನು ಕೊಡುತ್ತದೆ. ದಾನಿಯ ಹಣಕ್ಕೂ ಅದರ ಫಲಕ್ಕೂ ನಡುವೆ ಒಂದೇ ಹೆಜ್ಜೆ. ಬಡತನದ ವರ್ಣನೆ, ಸೋರುವ ಮಾಡು, ತಾಯಿಯ ಕಣ್ಣೀರು, ಇವು ಯಾವುವೂ ಬೇಕಿಲ್ಲ. ಹಣ ಬಿಡಿಸಬಲ್ಲ ಒಂದೇ ಒಂದು ಗಂಟನ್ನು ತೋರಿಸಿದರೆ ಸಾಕು.

ಇನ್ನು ಹೇಳುವ ಕ್ರಮ. ಐದು ನಿಮಿಷ ಮೀರಬಾರದು. ಆರಂಭದಲ್ಲಿ ಟ್ರಸ್ಟಿನ ಇತಿಹಾಸ ಬೇಡ; ಬಸ್ಸಿನ ವೇಳೆಯಿಂದಲೇ ಆರಂಭವಾಗಲಿ. ಗಂಟು ಎಲ್ಲಿದೆ ಎಂಬುದು ಮೂರನೆಯ ನಿಮಿಷದೊಳಗೆ ತಿಳಿಯಲಿ. ಅನಂತರ ಬೇಡಿಕೆ, ಅದೂ ಒಂದೇ ಅಳತೆಯಲ್ಲಿ: ಒಂದು ತಿಂಗಳು 4,500, ಮೂರು ತಿಂಗಳು 13,500, ಹತ್ತು ತಿಂಗಳ ಶೈಕ್ಷಣಿಕ ವರ್ಷ 45,000. “ಯಥಾಶಕ್ತಿ ಸಹಾಯ ಮಾಡಿರಿ” ಎಂಬ ಮಾತು ವಿನಯದ್ದು, ಆದರೆ ಎಷ್ಟು ಕೊಟ್ಟರೆ ಏನಾಗುವುದೆಂಬುದನ್ನು ಅದು ದಾನಿಗೇ ಬಿಟ್ಟುಬಿಡುತ್ತದೆ. ಬೇಡಿಕೆ ಮುಗಿದ ಮೇಲೆ ಮೈಕು ಮೌನವಾಗಬೇಕು. ಆ ಎರಡು ನಿಮಿಷಗಳಲ್ಲಿ ಸ್ವಯಂಸೇವಕರು ಪ್ರತಿ ಮೇಜಿಗೂ ಕಾರ್ಡು ಮತ್ತು ಪೆನ್ನು ಕೊಡಲಿ. ಆಗಲೇ ನಿರೂಪಕರು ಮುಂದಿನ ಗಾಯನವನ್ನು ಘೋಷಿಸಿದರೆ ಬರೆಯಲು ಎತ್ತಿದ ಕೈ ಇಳಿಯುತ್ತದೆ. ಕಾರ್ಡುಗಳು ಅಲ್ಲಿಯೇ ವಾಪಸು ಬರಬೇಕು. ಮನೆಗೆ ಹೋದ ಕಾರ್ಡು ಮರಳುವುದು ವಿರಳ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿ ಇಲ್ಲವಾದ್ದರಿಂದ ಯುಪಿಐ ಸಂಕೇತವನ್ನು ಕಾರ್ಡಿನ ಮೇಲೆಯೇ ಅಚ್ಚುಮಾಡಿಸುವುದು ಒಳ್ಳೆಯದು.

ಜೈನರ ಭೋಜನಕೂಟಕ್ಕೆ ಇನ್ನೊಂದು ವಿಶೇಷವಿದೆ. ಇತರರ ಕೂಟಗಳಲ್ಲಿ ರಾತ್ರಿಯ ಊಟದ ನಡುವೆ ಮನವಿ ನಡೆಯುತ್ತದೆ. ಇಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಯಬೇಕು. ಡಿಸೆಂಬರಿನಲ್ಲಿ ಮುಂಬಯಿ, ಪುಣೆಗಳಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೆ ಮುಳುಗುತ್ತಾನೆ. ಊಟಕ್ಕೆ ಮೊದಲು ಮನವಿ ಇಟ್ಟರೆ ಎಲ್ಲರ ದೃಷ್ಟಿ ಗಡಿಯಾರದ ಮೇಲೆ. ಊಟವಾಗಿ ಒಂದು ಗಂಟೆಯ ಮೇಲೆ ಇಟ್ಟರೆ ಅರ್ಧ ಸಭೆ ವಾಹನಗಳಲ್ಲಿ. ಆದ್ದರಿಂದ ಐದಕ್ಕೆ ಊಟ, ಆರಕ್ಕೆ ಎಲ್ಲರೂ ಆಸನದಲ್ಲಿ, ಆರೂಕಾಲಿನೊಳಗೆ ಮನವಿ. ಸನ್ಮಾನ ಮತ್ತು ಭಾಷಣಗಳು ಅದರ ಅನಂತರ ನಡೆಯಲಿ.

ಇಷ್ಟು ವಿಧಾನ. ಇನ್ನು ಈ ವಿಧಾನ ಕೆಡುವ ಬಗೆ. ಮೊದಲನೆಯದು ಅತ್ಯಂತ ಗಂಭೀರವಾದುದು: ಪದ್ಮಾಳನ್ನೇ ವೇದಿಕೆಗೆ ಕರೆಸುವುದು. ಕನ್ನಡ ಜೈನ ಸಮಾಜ ಚಿಕ್ಕದು. ಸಭೆಯಲ್ಲಿ ಅವಳ ತಾಯಿಯ ತವರಿನವರಿರಬಹುದು, ನಾಳೆ ಅವಳಿಗೆ ಸಂಬಂಧ ನೋಡುವವರೂ ಇರಬಹುದು. ಹೆಸರನ್ನು ಬದಲಿಸಿ ಊರನ್ನೂ ಮನೆತನವನ್ನೂ ಹೇಳಿದರೆ ಬದಲಿಸಿದ್ದು ವ್ಯರ್ಥ. ಇಪ್ಪತ್ತರ ಹುಡುಗಿ ತನ್ನ ತಂದೆಯ ಅಸಹಾಯಕತೆಯನ್ನು ಮುನ್ನೂರು ಜನರೆದುರು ಹೇಳಿದರೆ ಚಪ್ಪಾಳೆ ಬೀಳುತ್ತದೆ, ಹಣವೂ ಬರುತ್ತದೆ. ಆದರೆ ಆ ಸಂಜೆಯನ್ನು ಅವಳು ಜೀವಮಾನವಿಡೀ ಹೊರಬೇಕಾಗುತ್ತದೆ. ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನೂ ದಾನವೆಂದು ಎಣಿಸಿದ ಪರಂಪರೆಗೆ ಇದು ಒಪ್ಪುವಂಥದಲ್ಲ.

ಒಪ್ಪಿಗೆ ಕೇಳಿದರೆ ಸಾಲದು. ಯಾವಾಗ ಕೇಳಿದರೆಂಬುದು ಮುಖ್ಯ. ಅರ್ಜಿಯ ತೀರ್ಮಾನಕ್ಕೆ ಮುಂಚೆ ಕೇಳಿದರೆ ಇಲ್ಲವೆನ್ನುವ ಸ್ವಾತಂತ್ರ್ಯ ಅವಳಿಗಿಲ್ಲ. ಮೊದಲು ಹಣ ಮಂಜೂರಾಗಲಿ, ಅನಂತರ ಕಥೆ ಹೇಳಬಹುದೇ ಎಂದು ಕೇಳಲಿ. ಬರೆದ ಪಾಠವನ್ನು ಅವಳಿಗೆ ಕಳುಹಿಸಿ, ಬೇಡವೆಂದ ಸಾಲನ್ನು ತೆಗೆಯಲಿ. ಸಾಧ್ಯವಿದ್ದಲ್ಲಿ, ಓದು ಮುಗಿಸಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿನಿಯ ಕಥೆಯನ್ನು ಆರಿಸುವುದು ಇನ್ನೂ ಉತ್ತಮ. ಅವಳು ಕೇಳುವವಳಲ್ಲ, ಹೇಳುವವಳು.

ಎರಡನೆಯ ಕೆಡುಕು ಆಯ್ಕೆಯದು. ಮನ ಕರಗಿಸುವ ಕಥೆಗಾಗಿ ಹುಡುಕುತ್ತ ಹೋದ ಸಮಿತಿ ಕ್ರಮೇಣ ಅಂಥ ಕಥೆಯಿರುವವರಿಗೇ ನೆರವು ಕೊಡತೊಡಗುತ್ತದೆ. ಮೂಕವಾಗಿ ಕಷ್ಟಪಡುವ, ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ ಹುಡುಗನ ಅರ್ಜಿ ಕೆಳಗೆ ಉಳಿಯುತ್ತದೆ. ಇದಕ್ಕೆ ಮದ್ದು ಸರಳ: ಯಾರಿಗೆ ನೆರವು ಎಂಬುದನ್ನು ಅಂಕಿಯೇ ತೀರ್ಮಾನಿಸಲಿ, ಆಯ್ಕೆ ಪೂರ್ಣವಾದ ಮೇಲೆ ಆ ಪಟ್ಟಿಯೊಳಗಿನಿಂದ ಕಥೆಯನ್ನು ತೆಗೆಯಲಿ.

ಮೂರನೆಯದು ಲೆಕ್ಕದ ಪ್ರಾಮಾಣಿಕತೆ. ಒಬ್ಬಳ ಕಥೆ ಹೇಳಿ ಹತ್ತು ಲಕ್ಷ ಸೇರಿದರೆ ಅವಳಿಗೆ ಬೇಕಾದುದು 45,000 ಮಾತ್ರ. ಉಳಿದುದು ಎಲ್ಲಿಗೆ? ಕಾರ್ಡಿನ ಮೇಲೆ ಒಂದು ಸಾಲು ಇರಲೇಬೇಕು: ಈ ಹಣ ಪದ್ಮಾಳಂತೆ ಆಯ್ಕೆಯಾದ ಎಲ್ಲ 40 ವಿದ್ಯಾರ್ಥಿಗಳ ಹಾಸ್ಟೆಲ್ ವೆಚ್ಚಕ್ಕೆ ಸಲ್ಲುತ್ತದೆ. ಸಮಗ್ರ ಅಂಕಿಗೂ ಜಾಗ ಇಲ್ಲಿಯೇ, ಕಾರ್ಡಿನ ಹಿಂಬದಿಯಲ್ಲಿ ಮತ್ತು ವಾರ್ಷಿಕ ವರದಿಯಲ್ಲಿ. ದೊಡ್ಡ ಮೊತ್ತ ಕೊಡುವವರು ಅದನ್ನು ಓದಿಯೇ ಓದುತ್ತಾರೆ, ಓದಬೇಕು ಕೂಡ.

ಮನವಿ ಗೆದ್ದಿತೇ ಎಂಬುದನ್ನು ಆ ರಾತ್ರಿಯ ಮೊತ್ತದಿಂದ ಅಳೆಯಲಾಗದು. ಬರೆದುಕೊಟ್ಟ ಮಾತಿನಲ್ಲಿ ಮೂರು ತಿಂಗಳೊಳಗೆ ಎಷ್ಟು ಬ್ಯಾಂಕಿಗೆ ಬಂದಿತು, ಮೊದಲ ಸಲ ಕೊಟ್ಟವರೆಷ್ಟು ಮಂದಿ, ಮರುವರ್ಷ ಅವರಲ್ಲಿ ಮತ್ತೆ ಕೊಟ್ಟವರೆಷ್ಟು, ಈ ಮೂರನ್ನು ಕಾರ್ಯದರ್ಶಿಗಳು ಬರೆದಿಡಲಿ. ಪರೀಕ್ಷೆಯ ಫಲಿತಾಂಶ ಬಂದಾಗ ದಾನಿಗಳಿಗೆ ನಾಲ್ಕು ಸಾಲಿನ ಪತ್ರ ಹೋಗಲಿ, ಪದ್ಮಾ ಅನುತ್ತೀರ್ಣಳಾಗಿದ್ದರೂ ಹೋಗಲಿ. ಕಥೆ ಕೇಳಿ ಕೊಟ್ಟವರಿಗೆ ಕಥೆ ಮುಂದೇನಾಯಿತೆಂದು ತಿಳಿಯುವ ಹಕ್ಕಿದೆ.