ಕೊಡುವ ಫೋನು, ಕೊಳ್ಳುವ ಫೋನು



ಕೊಡದಿಂದ ಚೆಂಬಿಗೆ ನೀರು ಬಗ್ಗಿಸುವಾಗ ಒಂದಿಷ್ಟು ನೆಲದ ಪಾಲಾಗುತ್ತದೆ. ಒಂದು ಫೋನಿನಿಂದ ಇನ್ನೊಂದಕ್ಕೆ ಕೇಬಲಿನ ಮೂಲಕ ವಿದ್ಯುತ್ತನ್ನು ಹಾಯಿಸುವಾಗಲೂ ಹೀಗೆಯೇ. ಈ ಸೋರಿಕೆಯ ಲೆಕ್ಕವನ್ನು ತಮ್ಮ ಮುಂದಿಡುವುದಷ್ಟೇ ನನ್ನ ಇಂದಿನ ಉದ್ದೇಶ.

ಫೋನಿನ ಬ್ಯಾಟರಿಯ ಒತ್ತಡ ಸುಮಾರು 3.8 ವೋಲ್ಟು, ಕೇಬಲಿನಲ್ಲಿ ಹರಿಯುವುದು ಸಾಮಾನ್ಯವಾಗಿ 5 ವೋಲ್ಟು. ಕೊಡುವ ಫೋನು ಒತ್ತಡವನ್ನು ಏರಿಸಿ ಕಳುಹಿಸಬೇಕು, ಕೊಳ್ಳುವ ಸಾಧನವು ಅದನ್ನು ಇಳಿಸಿ ತನ್ನ ಬ್ಯಾಟರಿಗೆ ತುಂಬಿಕೊಳ್ಳಬೇಕು. ಈ ಎರಡು ಮಾರ್ಪಾಡುಗಳಲ್ಲಿಯೂ ಸ್ವಲ್ಪ ಶಕ್ತಿ ಶಾಖವಾಗಿ ಹೋಗುತ್ತದೆ. ಆಗ ಎರಡೂ ಅಂಗೈಗೆ ಬೆಚ್ಚಗೆ ತಾಗುವುದಕ್ಕೆ ಇದೇ ಕಾರಣ.

ಇಯರ್‌ಬಡ್ಡುಗಳ ಡಬ್ಬಿಯನ್ನು ತೆಗೆದುಕೊಳ್ಳಿ. ಅದರ ಬ್ಯಾಟರಿ 400 ಮಿಲಿಆಂಪಿಯರ್ ಅವರ್, ಫೋನಿನದು 5000 ಎಂದಿಟ್ಟುಕೊಳ್ಳೋಣ. ಕಾಗದದ ಲೆಕ್ಕದಲ್ಲಿ ಬರಿದಾದ ಡಬ್ಬಿ ತುಂಬಲು ಫೋನಿನಿಂದ ನೂರಕ್ಕೆ 8 ಪಾಲು ಸಾಕು. ಸೋರಿಕೆ ಸೇರಿದಾಗ 11ರ ಆಸುಪಾಸು ವ್ಯಯವಾಗುತ್ತದೆ. ಸಂಜೆಯವರೆಗೂ ಫೋನು ಬಾಳಬೇಕಾದವರಿಗೂ ಇದು ಭರಿಸಬಹುದಾದ ವೆಚ್ಚವೇ.

ಇನ್ನೊಂದು ಫೋನಿಗೆ ಕೊಡುವ ಮಾತು ಬೇರೆ. ಒಮ್ಮೆ ರಾತ್ರಿಯ ಬಸ್ಸಿನಲ್ಲಿ ನನ್ನ ಪಕ್ಕದ ವಿದ್ಯಾರ್ಥಿನಿಯ ಫೋನಿನಲ್ಲಿ ನೂರಕ್ಕೆ 3 ಮಾತ್ರ ಉಳಿದಿತ್ತು. ನಿಲ್ದಾಣಕ್ಕೆ ಬರಬೇಕಾದ ತಂದೆಗೆ ಆಕೆ ಬಸ್ಸು ತಡವಾಗಿರುವುದನ್ನು ತಿಳಿಸಬೇಕಿತ್ತು. ನನ್ನದರಲ್ಲಿ 40 ಇತ್ತು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರದ ಬ್ಯಾಟರಿಯವು. ಆಕೆಯ ಫೋನನ್ನು ಪೂರ್ತಿ ಆರಿಸಿ 20 ನಿಮಿಷ ಜೋಡಿಸಿದೆವು. ನನ್ನದು 31ಕ್ಕೆ ಇಳಿಯಿತು, ಅವಳದು 9ಕ್ಕೆ ಏರಿತು. ಕೊಟ್ಟದ್ದು 9, ಸೇರಿದ್ದು 6. ಮನೆಗೆ ಮಾತನಾಡಲು ಅಷ್ಟು ಧಾರಾಳವಾಗಿ ಸಾಕಾಯಿತು. ಆರಿಸದೆ, ಪರದೆ ಬೆಳಗುತ್ತಲೇ ಇದ್ದಿದ್ದರೆ, ಬಂದದ್ದರಲ್ಲಿ ಒಂದು ದೊಡ್ಡ ಪಾಲನ್ನು ಆ ಪರದೆಯೇ ನುಂಗಿಬಿಡುತ್ತಿತ್ತು. ಏಕೆಂದರೆ ಫೋನುಗಳು ಹೊರಕ್ಕೆ ಕೊಡುವ ಧಾರೆ ಸಣ್ಣದು. 2023ರಲ್ಲಿ ಬಂದ ಐಫೋನ್ 15 ಕೂಡ ಕೊಡುವುದು ಹೆಚ್ಚೆಂದರೆ 4.5 ವ್ಯಾಟು, ಗೋಡೆಯ ಚಾರ್ಜರು ಇದರ ಹಲವು ಪಟ್ಟು ಕೊಡುತ್ತದೆ.

ಎಚ್ಚರ ಬೇಕಾದದ್ದು ಹರಿವಿನ ದಿಕ್ಕಿನಲ್ಲಿ. ಎರಡೂ ತುದಿಗಳಲ್ಲಿ ಸಿ ಮಾದರಿಯ ಮೂತಿಯಿರುವ ಕೇಬಲಿಗೆ ಕೊಡುವ ತುದಿ, ಕೊಳ್ಳುವ ತುದಿ ಎಂಬ ಭೇದವಿಲ್ಲ. ಜೋಡಿಸಿದೊಡನೆ ಫೋನುಗಳೇ ತಮ್ಮೊಳಗೆ ನಿರ್ಧರಿಸಿಕೊಳ್ಳುತ್ತವೆ. ಆಂಡ್ರಾಯ್ಡ್ ಫೋನುಗಳಲ್ಲಿ ಕೆಲವೊಮ್ಮೆ ಬಡವನೇ ಸಿರಿವಂತನಿಗೆ ಕೊಡತೊಡಗುವುದುಂಟು. ಆದ್ದರಿಂದ ಆರಿಸುವ ಮೊದಲು ಮಿಂಚಿನ ಗುರುತು ಯಾವ ಫೋನಿನ ಬ್ಯಾಟರಿಯ ಚಿತ್ರದಲ್ಲಿ ಮೂಡಿದೆಯೆಂದು ನೋಡಬೇಕು. ಅದೇ ಕೊಳ್ಳುತ್ತಿರುವ ಫೋನು. ದಿಕ್ಕು ತಪ್ಪಿದ್ದರೆ, ಕೊಡಬೇಕಾದ ಫೋನಿನ ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದು, ಯುಎಸ್‌ಬಿ ಸೂಚನೆಯನ್ನು ಒತ್ತಿ, Charge connected device ಎಂಬುದನ್ನು ಆರಿಸಬೇಕು. ತಯಾರಕರಿಗೆ ತಕ್ಕಂತೆ ಈ ಪದಗಳು ಸ್ವಲ್ಪ ಬದಲಾಗಬಹುದು.

ಒಂದು ಕರೆಗೆ ಬೇಕಾದಷ್ಟು ಕೊಟ್ಟು ಕೇಬಲನ್ನು ಕಿತ್ತುಬಿಡುವುದು ಲೇಸು. ಅರ್ಧ ತುಂಬಿಸಿಯೇ ಬಿಡುತ್ತೇನೆಂದು ಹೊರಟರೆ, ಊರು ಸೇರುವ ಹೊತ್ತಿಗೆ ಕೊಟ್ಟವನೇ ಬೇಡುವವನಾಗುತ್ತಾನೆ.