ಬರುವ ದುಡ್ಡಿಗೆ ಪಿನ್ ಬೇಡ: ಹಿರಿಯರಿಗೆ ಬ್ಯಾಂಕ್ ಅಧಿಕಾರಿಯವರ ನಾಲ್ಕು ಮಾತು

(ನಮ್ಮ ಟ್ರಸ್ಟಿನ ವಾರ್ಷಿಕ ಸಭೆಯ ದಿನ, ವಿದ್ಯಾರ್ಥಿವೇತನ ವಿತರಣೆಗೆ ಮುಂಚೆ ಸ್ಥಳೀಯ ಬ್ಯಾಂಕ್ ಶಾಖೆಯ ಅಧಿಕಾರಿಯವರು ಹಿರಿಯರಿಗಾಗಿ ಮಾಡಿದ ಭಾಷಣ. ಬರೆದುಕೊಂಡವರು: ಟ್ರಸ್ಟಿನ ಸದಸ್ಯರಾದ ಒಬ್ಬ ನಿವೃತ್ತ ಶಿಕ್ಷಕರು.)



ಫೋನಿನಲ್ಲಿ ಮಾಡುವ ಮೋಸಗಳು ನೂರಾರು. ಎಲ್ಲವನ್ನೂ ಹೇಳಿದರೆ ಮನೆಗೆ ಹೋಗುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ. ಹಾಗಾಗಿ ನಮ್ಮ ಶಾಖೆಗೆ ಬಂದ ಒಂದೇ ಒಂದು ಪ್ರಕರಣ ಹೇಳುತ್ತೇನೆ. ಅದರಿಂದ ನಾಲ್ಕು ಮಾತು ಕಲಿಯೋಣ. ಒಂದು ಕೈಯ ನಾಲ್ಕು ಬೆರಳು ಸಾಕು.

ಅವರಿಗೆ ಅರವತ್ತೆಂಟು ವರ್ಷ. ಗಂಡನ ಪಿಂಚಣಿಯಲ್ಲಿ ಬದುಕುವವರು. ಮೊಮ್ಮಗಳು ಪಿಯುಸಿ ಓದುತ್ತಿದ್ದಾಳೆ, ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದಾಳೆ. ಒಂದು ಮಧ್ಯಾಹ್ನ, ಮಗ ಕೆಲಸಕ್ಕೆ ಹೋಗಿದ್ದಾಗ ಫೋನ್ ಬಂತು. ಆ ಕಡೆಯವನು ಸಲಾಮ್ ಹೇಳಿದ. ಮೊಮ್ಮಗಳ ಹೆಸರು, ಕಾಲೇಜಿನ ಹೆಸರು ಎರಡನ್ನೂ ಸರಿಯಾಗಿ ಹೇಳಿದ. 'ಅಮ್ಮಾ, ಸ್ಕಾಲರ್‌ಶಿಪ್ ಮಂಜೂರಾಗಿದೆ. ಮೊದಲ ಕಂತು 2,500 ರೂಪಾಯಿ ಈಗಲೇ ಹಾಕುತ್ತೇನೆ' ಎಂದ.

ಫೋನ್ ಇಡುವ ಮೊದಲೇ ಮೆಸೇಜ್ ಬಂತು: ನಿಮ್ಮ ಖಾತೆಗೆ 25,000 ರೂಪಾಯಿ ಜಮಾ ಆಗಿದೆ. ಆ ಕಡೆಯವನು ಅಳುವ ಧ್ವನಿಯಲ್ಲಿ, 'ಅಮ್ಮಾ, ಒಂದು ಸೊನ್ನೆ ಜಾಸ್ತಿ ಬಿದ್ದುಬಿಟ್ಟಿತು. ಸಾಹೇಬರಿಗೆ ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. 2,500 ಇಟ್ಟುಕೊಂಡು ಉಳಿದದ್ದು ವಾಪಸ್ ಮಾಡಿ' ಎಂದ. ಇನ್ನೊಬ್ಬರ ದುಡ್ಡು ನಮಗೆ ಹರಾಮ್ ಎಂದು ನಂಬಿದ ಹೆಂಗಸು ಅವರು. ತಕ್ಷಣ 22,500 ಕಳುಹಿಸಿದರು.

ಹತ್ತು ನಿಮಿಷದ ನಂತರ ಅವನೇ ಮತ್ತೆ ಫೋನ್ ಮಾಡಿದ. 'ಎರಡನೇ ಕಂತು 9,500 ಕೂಡ ಇವತ್ತೇ ಹಾಕುತ್ತೇನೆ. ನನ್ನ ನಂಬರ್ ತೆರೆದು 9500 ಎಂದು ಒತ್ತಿ, ಪಿನ್ ಹಾಕಿ. ಅದು ದುಡ್ಡಲ್ಲ, ಕೋಡ್ ನಂಬರ್' ಎಂದ. ಹಾಕಿದರು. ಅದೂ ಹೋಯಿತು.

ಈಗ ಲೆಕ್ಕ ನೋಡಿ. ಆ ದಿನ ಬೆಳಿಗ್ಗೆ ಅವರ ಖಾತೆಯಲ್ಲಿದ್ದದ್ದು 41,350. ನಿಜವಾಗಿ 25,000 ಬಂದಿದ್ದರೆ 66,350 ಆಗಬೇಕಿತ್ತು. ಬಂದೇ ಇರಲಿಲ್ಲ. ಅವರು ವಾಪಸ್ ಮಾಡಿದ್ದು ಅವನ ದುಡ್ಡಲ್ಲ, ತಮ್ಮದೇ ದುಡ್ಡು. ಸಂಜೆಗೆ ಉಳಿದದ್ದು 9,350.

ಮೊದಲನೆಯ ಮಾತು: ಮೆಸೇಜ್ ನಂಬಬೇಡಿ, ಬ್ಯಾಲೆನ್ಸ್ ನೋಡಿ. ಆ ಮೆಸೇಜ್ ಬ್ಯಾಂಕಿನದಾಗಿರಲಿಲ್ಲ. ಅವನೇ ತನ್ನ ಮೊಬೈಲಿನಲ್ಲಿ ಟೈಪ್ ಮಾಡಿ ಕಳುಹಿಸಿದ್ದ. ಬ್ಯಾಂಕಿನ ಮೆಸೇಜ್ ಮೇಲೆ ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದೆ, ಇದರ ಮೇಲೆ ಹತ್ತು ಅಂಕಿಯ ಮೊಬೈಲ್ ನಂಬರ್ ಇತ್ತು. ಗುರುತು ಹಿಡಿಯಲು ಆಗದಿದ್ದರೂ ಚಿಂತೆಯಿಲ್ಲ. ಮೊದಲು ಫೋನ್ ಕಟ್ ಮಾಡಿ, ಆಮೇಲೆ ಖಾತೆಯಲ್ಲಿ ಎಷ್ಟಿದೆ ಎಂದು ನೀವೇ ನೋಡಿ, ಇಲ್ಲವೇ ಶಾಖೆಗೆ ಬಂದು ಪಾಸ್‌ಬುಕ್ ಎಂಟ್ರಿ ಮಾಡಿಸಿ. ಒಂದು ವೇಳೆ ಯಾರದೋ ದುಡ್ಡು ನಿಜವಾಗಿಯೂ ಬಂದಿದ್ದರೆ? ಆಗಲೂ ನೀವಾಗಿ ಕಳುಹಿಸಬೇಡಿ. ಬ್ಯಾಂಕಿಗೆ ಬರೆದುಕೊಡಿ, ವಾಪಸ್ ಮಾಡುವ ದಾರಿ ಬ್ಯಾಂಕಿಗೆ ಗೊತ್ತು. ಅದು ಮೋಸ ಹೋದ ಇನ್ನೊಬ್ಬರ ದುಡ್ಡಾಗಿದ್ದರೆ, ಮುಂದೆ ಕಳುಹಿಸಿದ ನಿಮ್ಮ ಖಾತೆಗೇ ತಡೆ ಬೀಳಬಹುದು.

ಎರಡನೆಯ ಮಾತು: ಬರುವ ದುಡ್ಡಿಗೆ ಪಿನ್ ಬೇಡ. ಯುಪಿಐ ಪಿನ್ ಎಂದರೆ ನಿಮ್ಮ ಸಹಿ. ಚೆಕ್ ಕೊಡುವವನು ಸಹಿ ಹಾಕುತ್ತಾನೆ, ದುಡ್ಡು ಹೋಗುವುದು ಅವನ ಖಾತೆಯಿಂದ. ಪಿನ್ ಹಾಕಬೇಕಾದದ್ದು ದುಡ್ಡು ಕಳುಹಿಸುವಾಗ, ಮತ್ತು ನಿಮ್ಮ ಬ್ಯಾಲೆನ್ಸ್ ನೀವೇ ನೋಡುವಾಗ. ದುಡ್ಡು ಬರುವುದಕ್ಕೆ ಪಿನ್ ಬೇಡ, ಓಟಿಪಿ ಬೇಡ. 'ಪಿನ್ ಹಾಕಿದರೆ ದುಡ್ಡು ಬರುತ್ತದೆ' ಎಂದವನು ಯಾರೇ ಆಗಲಿ, ಕಳ್ಳನೇ.

ಮೂರನೆಯ ಮಾತು: ಅವಸರ ಮಾಡಿದರೆ ಫೋನ್ ಇಡಿ. ಅವಸರಕ್ಕೆ ಅವರ ಬಳಿ ಎರಡು ದಾರಿ ಇವೆ. ಒಂದು ಕರುಣೆ, 'ನನ್ನ ಕೆಲಸ ಹೋಗುತ್ತದೆ'. ಇನ್ನೊಂದು ಹೆದರಿಕೆ, 'ನಾವು ಪೊಲೀಸರು, ನಿಮ್ಮನ್ನು ವಿಡಿಯೋದಲ್ಲೇ ಅರೆಸ್ಟ್ ಮಾಡಿದ್ದೇವೆ'. ವಿಡಿಯೋದಲ್ಲಿ ಅರೆಸ್ಟ್ ಮಾಡುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಎರಡರ ಉದ್ದೇಶವೂ ಒಂದೇ: ನೀವು ಮಗನನ್ನೋ ನೆರೆಯವರನ್ನೋ ಕೇಳಬಾರದು. ಅವನು ಮೊಮ್ಮಗಳ ಹೆಸರು ಹೇಳಿದ ಎಂದ ಮಾತ್ರಕ್ಕೆ ಸಾಚಾ ಅಲ್ಲ. ಹೆಸರು ಜೆರಾಕ್ಸ್ ಅಂಗಡಿಯಲ್ಲಿ ಸಿಗುತ್ತದೆ, ವಾಟ್ಸಾಪ್ ಗುಂಪಿನಲ್ಲೂ ಸಿಗುತ್ತದೆ. ಫೋನ್ ಇಟ್ಟು, ನಿಮ್ಮ ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂದೆಯೋ ಇರುವ ನಂಬರಿಗೆ ನೀವೇ ಫೋನ್ ಮಾಡಿ. ಇಂಟರ್‌ನೆಟ್ಟಿನಲ್ಲಿ ಹುಡುಕಿದ ನಂಬರ್ ಬೇಡ, ಅಲ್ಲೂ ಕಳ್ಳರು ತಮ್ಮ ನಂಬರ್ ಹಾಕಿರುತ್ತಾರೆ.

ನಾಲ್ಕನೆಯ ಮಾತು: ಹೋದರೆ ಹತ್ತೊಂಬತ್ತು ಮೂವತ್ತು. 1930 ಸರ್ಕಾರದ ಸೈಬರ್ ವಂಚನೆ ಸಹಾಯವಾಣಿ. ಕದ್ದ ದುಡ್ಡು ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ. ಎರಡನೆಯದಕ್ಕೆ, ಮೂರನೆಯದಕ್ಕೆ ಹೋಗಿ ಎಟಿಎಂನಿಂದ ಹೊರಗೆ ಬರುತ್ತದೆ. ದಾರಿಯಲ್ಲಿರುವಾಗಲೇ ನೀವು ಹೇಳಿದರೆ, ಅದು ಇರುವ ಖಾತೆಯಲ್ಲಿ ತಡೆ ಹಾಕಬಹುದು. ಎಷ್ಟು ಹೋಯಿತು, ಯಾವಾಗ ಹೋಯಿತು, ಯಾವ ಬ್ಯಾಂಕಿನಿಂದ, ಮತ್ತು ಪಾವತಿಯ ವಿವರದಲ್ಲಿ ಕಾಣುವ 12 ಅಂಕಿಯ ಯುಪಿಐ ನಂಬರ್, ಇಷ್ಟು ಕೈಯಲ್ಲಿರಲಿ. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ಬರೆದುಕೊಳ್ಳಿ. cybercrime.gov.in ತಾಣದಲ್ಲೂ ದೂರು ಕೊಡಬಹುದು.

ಒಂದು ಕಹಿ ಮಾತನ್ನೂ ಹೇಳಬೇಕು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರು ತಾವೇ ಪಿನ್, ಓಟಿಪಿ ಬಿಟ್ಟುಕೊಟ್ಟು ದುಡ್ಡು ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ ಆಗಿತ್ತು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದಾಗಿತ್ತು. ಆದ್ದರಿಂದ ತಡ ಮಾಡಿದ ಪ್ರತಿ ಗಂಟೆಗೂ ಬೆಲೆ ಇದೆ.

ಆ ತಾಯಿ ಎಷ್ಟು ತಡ ಮಾಡಿದರು ಗೊತ್ತೇ? ಎರಡು ದಿನ. ಮೋಸ ಹೋಗಿದ್ದೇನೆ ಎಂದು ಅವರಿಗೆ ಅದೇ ಸಂಜೆ ಗೊತ್ತಾಗಿತ್ತು. ಮಗ ಬಯ್ಯುತ್ತಾನೆ, ಸೊಸೆಯ ಎದುರು ತಲೆ ಎತ್ತಲಾಗುವುದಿಲ್ಲ ಎಂದು ಸುಮ್ಮನಿದ್ದರು. ಊಟ ಬಿಟ್ಟದ್ದನ್ನು ನೋಡಿ ಮೊಮ್ಮಗಳು ಕೇಳಿ ಕೇಳಿ ಹೊರಡಿಸಿದಳು. ನಮ್ಮ ಬಳಿ ಬಂದಾಗ ಒಟ್ಟು 32,000ದಲ್ಲಿ 3,000 ಮಾತ್ರ ಒಂದು ಖಾತೆಯಲ್ಲಿ ಉಳಿದಿತ್ತು, ಅದಕ್ಕೆ ತಡೆ ಬಿತ್ತು. ಉಳಿದದ್ದು ಅದೇ ಮೊದಲ ರಾತ್ರಿ ಎಟಿಎಂನಿಂದ ಹೊರಗೆ ಹೋಗಿತ್ತು.

ಇಲ್ಲಿ ಕೂತಿರುವ ಮಕ್ಕಳಿಗೆ, ಸೊಸೆಯಂದಿರಿಗೆ ನನ್ನ ಕೋರಿಕೆ ಇಷ್ಟೇ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಹಿರಿಯರಿಗೆ ಹೇಳಿಬಿಡಿ: 'ದುಡ್ಡು ಹೋದರೂ ನಾನು ಬಯ್ಯುವುದಿಲ್ಲ, ಆ ಕ್ಷಣವೇ ನನಗೆ ಹೇಳಿ.' ಆ ಮನೆಯಲ್ಲಿ ಈ ಮಾತು ಮೊದಲೇ ಆಡಿದ್ದರೆ ದುಡ್ಡು ಉಳಿಯುವ ಸಾಧ್ಯತೆ ಇತ್ತು.

ಈಗ ಎಲ್ಲರೂ ಬೆರಳು ಮಡಚಿ ನನ್ನ ಜೊತೆ ಹೇಳಿ.
ಮೆಸೇಜ್ ನಂಬಬೇಡಿ, ಬ್ಯಾಲೆನ್ಸ್ ನೋಡಿ.
ಬರುವ ದುಡ್ಡಿಗೆ ಪಿನ್ ಬೇಡ.
ಅವಸರ ಮಾಡಿದರೆ ಫೋನ್ ಇಡಿ.
ಹೋದರೆ ಹತ್ತೊಂಬತ್ತು ಮೂವತ್ತು.

(ಸಭೆ ಮೂರು ಸಲ ಹೇಳಿತು. ಮೂರನೆಯ ಸಲ ಅಧಿಕಾರಿಯವರು ಸುಮ್ಮನಿದ್ದರು, ಹಿರಿಯರೇ ಹೇಳಿದರು.

ಅರ್ಜಿದಾರರ ಕುಟುಂಬಗಳ ಗಮನಕ್ಕೆ: ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನ ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್ ಪ್ರತಿಯಲ್ಲಿರುವ ಖಾತೆಗೆ ನೇರವಾಗಿ ಜಮಾ ಆಗುತ್ತದೆ. ಅದಕ್ಕೆ ಶುಲ್ಕವಿಲ್ಲ. ಪಿನ್, ಓಟಿಪಿ ಕೇಳಿ ಟ್ರಸ್ಟಿನಿಂದ ಯಾರೂ ಫೋನ್ ಮಾಡುವುದಿಲ್ಲ. ಹಾಗೆ ಯಾರಾದರೂ ಕೇಳಿದರೆ ಫೋನ್ ಇಟ್ಟು, ಕಚೇರಿಗೆ ಬಂದು ತಿಳಿಸಿ.)