ಫಾರಂ 57ಕ್ಕೆ ಆ ನಂಬರ್ ಕೊಟ್ಟವರು ಯಾರು?

ನನ್ನ ಊರು ದುಂಡಸಿ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕು. ಕಾಡಂಚಿನ ಹೋಬಳಿ ನಮ್ಮದು. ಇಲ್ಲಿ ಕಟ್ಟೆಯ ಮೇಲೆ ಕೂತರೆ ಮಳೆ, ಮೆಕ್ಕೆಜೋಳದ ರೇಟು ಆದಮೇಲೆ ಮೂರನೇ ಮಾತು ಬಗರ್ ಹುಕುಂ. ಒಂದು ಸಂಜೆ ನಮ್ಮ ಕಾಕಾ ಕೇಳಿದ: "ತಮ್ಮಾ, ನಮ್ಮಜ್ಜ ಐವತ್ತು ಹಾಕಿದ್ದ, ನಮ್ಮಪ್ಪ ಐವತ್ಮೂರು ಹಾಕಿದ್ದ, ನಾ ಐವತ್ತೇಳು ಹಾಕೀನಿ. ಈ ನಂಬರ್ ಯಾರು ಕೊಡ್ತಾರ? ಅಸೆಂಬ್ಲ್ಯಾಗ ಪಾಸ್ ಆಗತೈತೇನು?"

ಇವತ್ತಿನ ಮಾತೆಲ್ಲ ಕಾಕಾನ ಆ ಪ್ರಶ್ನೆಗೆ ಉತ್ತರ.

ಇಲ್ಲ, ಅಸೆಂಬ್ಲಿಯಲ್ಲಿ ಪಾಸ್ ಆಗುವುದಿಲ್ಲ. ವಿಧಾನಮಂಡಲ ಪಾಸ್ ಮಾಡಿದ್ದು 1964ರ ಕರ್ನಾಟಕ ಭೂಕಂದಾಯ ಕಾಯಿದೆಯನ್ನು. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಲು ಅದರಲ್ಲಿ 94-ಎ ಎಂಬ ಕಲಂ ಇದೆ. 2018ರ ತಿದ್ದುಪಡಿಯಲ್ಲಿ, 2005ರ ಜನವರಿ 1ಕ್ಕೂ ಮೊದಲಿನಿಂದ ಉಳುತ್ತಿದ್ದವರಿಗೆ ಹೊಸದಾಗಿ ಅರ್ಜಿ ಹಾಕುವ ಅವಕಾಶ ಸಿಕ್ಕಿತು. ಆ ದಿನಾಂಕ ಇರುವುದು ಕಾಯಿದೆಯಲ್ಲೇ. ಆದರೆ ಅರ್ಜಿ ಹೇಗಿರಬೇಕು, ಅದರಲ್ಲಿ ಏನೇನು ಬರೆಯಬೇಕು ಎನ್ನುವುದು ಕಾಯಿದೆಯಲ್ಲಿಲ್ಲ. ಅದಿರುವುದು 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ. ಐವತ್ತು, ಐವತ್ಮೂರು, ಐವತ್ತೇಳು, ಇವೆಲ್ಲ ಆ ನಿಯಮಗಳಿಗೆ ಜೋಡಿಸಿದ ನಮೂನೆಗಳ ಸಂಖ್ಯೆಗಳು. ಅವನ್ನು ಬರೆದದ್ದು ಸರ್ಕಾರ, ಅಂದರೆ ಇಲಾಖೆ.

ಕಾಯಿದೆಯ ಪುಸ್ತಕ ತೆರೆದರೆ "ನಿಯಮಿಸಬಹುದಾದ" ಎಂಬ ಒಂದು ಪದ ಮತ್ತೆ ಮತ್ತೆ ಸಿಗುತ್ತದೆ: ನಿಯಮಿಸಬಹುದಾದ ನಮೂನೆಯಲ್ಲಿ, ನಿಯಮಿಸಬಹುದಾದ ಶುಲ್ಕದೊಂದಿಗೆ, ನಿಯಮಿಸಬಹುದಾದ ರೀತಿಯಲ್ಲಿ. ಸದನ ತನ್ನ ಕೈಯಲ್ಲಿದ್ದ ಲೇಖನಿಯನ್ನು ಸರ್ಕಾರಕ್ಕೆ ಕೊಡುವುದು ಆ ಪದದ ಮೂಲಕ. ಹಾಗೆ ಹುಟ್ಟಿದ ನಿಯಮ, ವಿನಿಯಮ, ಅಧಿಸೂಚನೆಗಳಿಗೆಲ್ಲ ಸೇರಿ ಅಧೀನ ಶಾಸನ ಎಂದು ಹೆಸರು.

ಯಾಕೆ ಕೊಡುತ್ತಾರೆ? ವಾಹನದ ಕಾಯಿದೆಯನ್ನೇ ನೋಡಿ. ಲಾರಿಯ ಬ್ರೇಕು, ಹಿಂದಿನ ದೀಪದ ಬಣ್ಣ, ಹೊಗೆಯ ಮಿತಿ, ಲೈಸೆನ್ಸಿನ ಅರ್ಜಿ, ಎಲ್ಲವನ್ನೂ ಸಂಸತ್ತಿನಲ್ಲಿ ಕೂತು ಬರೆಯಲಾಗದು. ಬರೆದರೂ, ಎಂಜಿನ್ ಬದಲಾದಾಗಲೆಲ್ಲ ಮತ್ತೆ ಮಸೂದೆ ತರಬೇಕು. ಆ ವಿದ್ಯೆ ಗೊತ್ತಿರುವವರು ಇಲಾಖೆಯಲ್ಲಿರುತ್ತಾರೆ. ಸದನಕ್ಕೆ ವರ್ಷದಲ್ಲಿ ಸಿಗುವುದೋ ಕೆಲವೇ ವಾರ. ಹಾಗಾಗಿ ಕೊಡುವುದನ್ನು ನಾನು ತಪ್ಪು ಎನ್ನುವುದಿಲ್ಲ. ಆದರೆ ಏನನ್ನು ಕೊಡಬಾರದು ಎಂಬುದಕ್ಕೆ ಒಂದು ಗೆರೆ ಇದೆ. 1951ರಲ್ಲಿ ದೆಹಲಿ ಕಾನೂನುಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಬೇರೆ ಬೇರೆಯಾಗಿ ಬರೆದ ಅಭಿಪ್ರಾಯಗಳಿಂದ ಆ ಗೆರೆ ಮೂಡಿತು. ನೀತಿ ಏನು ಎಂದು ತೀರ್ಮಾನಿಸುವ ಕೆಲಸ ಶಾಸಕಾಂಗದ್ದು, ಅದನ್ನು ಬಿಟ್ಟುಕೊಡುವಂತಿಲ್ಲ. ವಿವರ ತುಂಬುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದು. ಯಾವ ವರ್ಷಕ್ಕೂ ಮೊದಲು ಉಳುತ್ತಿದ್ದವನಿಗೆ ಹಕ್ಕು ಎನ್ನುವುದು ನೀತಿ. ಅವನ ಅರ್ಜಿಯ ಕಾಲಂ ಎಷ್ಟು ಎನ್ನುವುದು ವಿವರ.

ವಿವರ ತುಂಬಲು ಹೋದವರು ನೀತಿಯನ್ನೇ ತಿದ್ದಿದರೆ ಏನಾಗುತ್ತದೆ? ಇದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. ಶಿಗ್ಗಾವಿಗೆ ಹೋಗಿ ಪುಣೆ-ಬೆಂಗಳೂರು ಹೆದ್ದಾರಿಯ ಪಕ್ಕ ನಿಂತರೆ ಎದುರಿಗೆ ಹಾದುಹೋಗುವ ಪ್ರತಿ ಲಾರಿಯ ಚಾಲಕನಿಗೂ ಸಂಬಂಧಿಸಿದ್ದು ಅದು.

ಆಗ ಜಾರಿಯಲ್ಲಿದ್ದದ್ದು 1939ರ ಮೋಟಾರು ವಾಹನ ಕಾಯಿದೆ. ಅದರ 7ನೇ ಕಲಮಿನ ಪ್ರಕಾರ, ಯಾವ ಬಗೆಯ ವಾಹನಕ್ಕೆ ಅರ್ಜಿ ಹಾಕಿದ್ದೀರೋ ಅದೇ ಬಗೆಯ ವಾಹನದಲ್ಲಿ ಪರೀಕ್ಷೆ. ಹೆವಿ ವಾಹನದ ಪರೀಕ್ಷೆ ಪಾಸಾದವನು ಮಧ್ಯಮ ವಾಹನದ ಪರೀಕ್ಷೆಯನ್ನೂ ಪಾಸಾದಂತೆಯೇ ಎಂದು ಅದೇ ಕಲಂ ಹೇಳಿತ್ತು. ಈ ಕಾಯಿದೆಯ ಅಡಿಯಲ್ಲಿ ರಾಜ್ಯ ಸರ್ಕಾರ 1963ರ ನಿಯಮಗಳನ್ನು ಮಾಡಿತ್ತು. ಅವುಗಳ 5ನೇ ನಿಯಮಕ್ಕೆ ಒಂದು ಷರತ್ತು ಸೇರಿತು: ಮಧ್ಯಮ ವಾಹನ ಓಡಿಸಿ ಕನಿಷ್ಠ 2 ವರ್ಷದ ಅನುಭವ ಇಲ್ಲದವನಿಗೆ ಹೆವಿ ವಾಹನ ಓಡಿಸಲು ಅನುಮತಿ ಇಲ್ಲ.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಹೆವಿ ಪರೀಕ್ಷೆಗೆ ನೇರವಾಗಿ ಹೋಗಬಹುದು, ಪಾಸಾದರೆ ಮಧ್ಯಮದ್ದೂ ಪಾಸಾದಂತೆ ಎನ್ನುತ್ತದೆ ಕಾಯಿದೆ. ಮೊದಲು ಮಧ್ಯಮ ವಾಹನದಲ್ಲಿ ಎರಡು ವರ್ಷ ಕಳೆದು ಬಾ ಎನ್ನುತ್ತದೆ ನಿಯಮ. ಕಾಯಿದೆ ತೆರೆದಿಟ್ಟ ಬಾಗಿಲಿಗೆ ನಿಯಮ ಬೀಗ ಹಾಕಿದೆ. ಇದು ವಿವರ ತುಂಬುವುದಲ್ಲ.

ನಿಯಮದ ಉದ್ದೇಶ ಕೆಟ್ಟದ್ದಲ್ಲ ಎಂದು ನಾನು ಮನಸಾರೆ ಒಪ್ಪುತ್ತೇನೆ. ಅನುಭವವಿಲ್ಲದವನ ಕೈಗೆ ಹತ್ತು ಚಕ್ರದ ಲಾರಿ ಕೊಡುವುದು ಯಾರಿಗೂ ಬೇಡ. ಆದರೂ 1983ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ರಾಜ್ಯ ಸರ್ಕಾರ ಸೋತಿತು. ನಿಯಮ ಮಾಡುವ ಅಧಿಕಾರ ಕೊಟ್ಟ ಮಾತ್ರಕ್ಕೆ ಆ ಕಾಯಿದೆಯ ವ್ಯಾಪ್ತಿಯನ್ನು ದಾಟುವ, ಅದಕ್ಕೆ ವಿರುದ್ಧವಾದ ನಿಯಮ ಮಾಡುವ ಅಧಿಕಾರ ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಷರತ್ತು ಬಿದ್ದುಹೋಯಿತು.

ಮುಂದಿನದು ನನಗೆ ಇನ್ನೂ ಮುಖ್ಯ. ಸಂಸತ್ತು 1988ರಲ್ಲಿ ಹೊಸ ಮೋಟಾರು ವಾಹನ ಕಾಯಿದೆ ತಂದಾಗ ಅನುಭವದ ಷರತ್ತನ್ನು ಕಾಯಿದೆಯೊಳಗೇ ಬರೆಯಿತು. ಲಘು ವಾಹನದ ಲೈಸೆನ್ಸ್ ಕನಿಷ್ಠ ಒಂದು ವರ್ಷ ಇಟ್ಟುಕೊಂಡಿರದವನಿಗೆ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ಕೊಡುವಂತಿಲ್ಲ ಎನ್ನುವುದು 1994ರ ತಿದ್ದುಪಡಿಯ ನಂತರ ಅದರ 7ನೇ ಕಲಮಿನಲ್ಲಿರುವ ಮಾತು. ಅನುಭವ ಕೇಳುವುದೇ ತಪ್ಪಾಗಿರಲಿಲ್ಲ. ಅದನ್ನು ಕೇಳಬೇಕಾದವರು ಇಲಾಖೆಯಲ್ಲ, ಸದನ.

ಸರಿ, ಕೋರ್ಟಿಗೆ ಹೋಗುವುದು ಕೊನೆಯ ದಾರಿ. ಅದಕ್ಕೂ ಮೊದಲು ಯಾವ ತಡೆ ಇದೆ?

ಮೊದಲನೆಯದು, ಕರಡು ಪ್ರಕಟಣೆ. ಯಾವ ಕಾಯಿದೆ "ಪೂರ್ವಪ್ರಕಟಣೆಯ ನಂತರ" ನಿಯಮ ಮಾಡಬೇಕು ಎನ್ನುತ್ತದೋ, ಅದರಡಿ ಸರ್ಕಾರ ಮೊದಲು ಕರಡನ್ನು ರಾಜ್ಯಪತ್ರದಲ್ಲಿ ಹಾಕಬೇಕು. ಇಂಥ ದಿನಾಂಕದ ನಂತರ ಪರಿಗಣಿಸುತ್ತೇವೆ ಎಂದು ತಿಳಿಸಬೇಕು. ಅಷ್ಟರೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ನೋಡಿ ಆಮೇಲೆ ಅಂತಿಮ ನಿಯಮ ಹೊರಡಿಸಬೇಕು. ಮೋಟಾರು ವಾಹನ ಕಾಯಿದೆಯಲ್ಲಿ ಈ ಮಾತು 212ನೇ ಕಲಮಿನಲ್ಲಿದೆ. ದುಂಡಸಿಯ ಟ್ರ್ಯಾಕ್ಟರ್ ಮಾಲೀಕ ಒಂದು ಪತ್ರ ಬರೆದು ನಿಯಮದ ವಾಕ್ಯವನ್ನು ತಿದ್ದಿಸಬಹುದಾದ ಕಾಲ ಇದೊಂದೇ. ನೋವಿನ ಸಂಗತಿಯೆಂದರೆ ರಾಜ್ಯಪತ್ರವನ್ನು ಹಳ್ಳಿಯಲ್ಲಿ ಯಾರೂ ಓದುವುದಿಲ್ಲ. ಕರಡು ಬಂದದ್ದೂ ಗೊತ್ತಾಗುವುದಿಲ್ಲ, ಅವಧಿ ಮುಗಿದದ್ದೂ ಗೊತ್ತಾಗುವುದಿಲ್ಲ.

ಅಂತಿಮ ನಿಯಮವನ್ನಂತೂ ಪ್ರಕಟಿಸಲೇಬೇಕು. ಬೆಂಗಳೂರಿನ ನಗರ ಯೋಜನೆಯ ನಿಯಮಾವಳಿ ಕುರಿತ ಪ್ರಕರಣದಲ್ಲಿ 1987ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಇದರ ಕಾರಣ ಬಿಡಿಸಿ ಹೇಳಿದರು. ಸದನದ ಕಾನೂನು ಎಲ್ಲರೆದುರು ಚರ್ಚೆಯಾಗಿ ಹುಟ್ಟುತ್ತದೆ. ಅಧೀನ ಶಾಸನ ಬಹಳ ಸಲ ಕಚೇರಿಯ ಕೋಣೆಯಲ್ಲಿ ಸದ್ದಿಲ್ಲದೆ ಹುಟ್ಟುತ್ತದೆ. ಹಾಗಾಗಿ ಜನ ತಿಳಿಯಬಹುದಾದ ರೀತಿಯಲ್ಲಿ ಪ್ರಕಟವಾಗದೆ ಅದು ಜನರನ್ನು ಕಟ್ಟಿಹಾಕಲಾರದು.

ಎರಡನೆಯ ತಡೆ, ಸದನದ ಮುಂದೆ ಮಂಡಿಸುವುದು. ಸಾಮಾನ್ಯ ಪದ್ಧತಿಯಲ್ಲಿ ನಿಯಮವನ್ನು ಎರಡೂ ಸದನಗಳ ಮುಂದೆ ಒಟ್ಟು 30 ದಿನ ಇಡುತ್ತಾರೆ. ಸದನಗಳು ಅದನ್ನು ತಿದ್ದಬಹುದು, ರದ್ದು ಮಾಡಬಹುದು. ಆದರೆ ರದ್ದಾಗುವವರೆಗೆ ನಡೆದದ್ದು ನಡೆದದ್ದೇ. ಯಾರೂ ಏನೂ ಹೇಳದಿದ್ದರೆ ನಿಯಮ ಹಾಗೇ ನಿಲ್ಲುತ್ತದೆ. ಸದನದ ಮೌನವನ್ನು ಒಪ್ಪಿಗೆ ಎಂದು ಲೆಕ್ಕ ಹಾಕುವ ಪದ್ಧತಿ ಇದು. ವಾಹನ ಕಾಯಿದೆಯಲ್ಲಂತೂ ಕೇಂದ್ರದ ನಿಯಮಗಳಿಗೆ ಈ 30 ದಿನದ ಮಾತಿದೆ; ರಾಜ್ಯದ ನಿಯಮಗಳಿಗೆ ಆದಷ್ಟು ಬೇಗ ವಿಧಾನಮಂಡಲದ ಮುಂದಿಡಬೇಕು ಎಂದಷ್ಟೇ ಇದೆ.

ಮಂಡಿಸದೇ ಇದ್ದರೆ? ಇದಕ್ಕೂ ನಮ್ಮಲ್ಲೇ ಉತ್ತರವಿದೆ. ಬೆಂಗಳೂರಿನ ಹತ್ತಿರದ ತಾತಗುಣಿಯಲ್ಲಿ ಚಿತ್ರಕಲಾವಿದ ರೋರಿಕ್ ಮತ್ತು ನಟಿ ದೇವಿಕಾ ರಾಣಿ ದಂಪತಿಯ ಎಸ್ಟೇಟ್ ಇತ್ತು. ಅದರ ಸುತ್ತ ಕೆ.ಟಿ. ಪ್ಲಾಂಟೇಶನ್ ಎಂಬ ಕಂಪನಿ ಮತ್ತು ರಾಜ್ಯ ಸರ್ಕಾರದ ನಡುವೆ ವ್ಯಾಜ್ಯ ನಡೆಯಿತು. ಭೂಸುಧಾರಣಾ ಕಾಯಿದೆಯ 110ನೇ ಕಲಮಿನ ಅಧಿಕಾರ ಬಳಸಿ ಸರ್ಕಾರ 1994ರ ಮಾರ್ಚ್ 8ರಂದು ಒಂದು ಅಧಿಸೂಚನೆಯಿಂದ ಇಂಥ ಜಮೀನಿಗೆ ಆ ಕಾಯಿದೆಯಿಂದ ಇದ್ದ ವಿನಾಯಿತಿಯನ್ನು ಹಿಂತೆಗೆದುಕೊಂಡಿತ್ತು. ಅದೇ ಕಾಯಿದೆಯ 140ನೇ ಕಲಂ ಪ್ರಕಾರ ಅದನ್ನು ವಿಧಾನಮಂಡಲದ ಮುಂದೆ ಇಡಬೇಕಿತ್ತು, ಇಟ್ಟಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದು ಸರಿಪಡಿಸಬಹುದಾದ ಲೋಪ, ಇದರಿಂದ ಅಧಿಸೂಚನೆ ಬೀಳುವುದಿಲ್ಲ ಎಂದಿತು. ತೀರ್ಪಿಗೆ ತಲೆಬಾಗುತ್ತೇನೆ. ಆದರೂ ಕಾನೂನು ಓದುವವನಾಗಿ ನನಗೆ ಕಳವಳವಿದೆ. ಮಂಡಿಸದಿದ್ದರೂ ನಡೆಯುತ್ತದೆ ಎಂದಾದರೆ ಮಂಡಿಸುವ ಅವಸರ ಯಾರಿಗಿರುತ್ತದೆ? ವಿಧಾನಸಭೆಗೆ ಅಧೀನ ಶಾಸನ ರಚನಾ ಸಮಿತಿ ಎಂದೇ ಒಂದು ಸಮಿತಿ ಇದೆ. ನಿಯಮ ತನ್ನ ಕಾಯಿದೆಯ ಮಿತಿಯೊಳಗಿದೆಯೇ, ತಡವಾಗಿ ಬಂತೇ ಎಂದು ನೋಡಿ ವರದಿ ಕೊಡುವುದು ಅದರ ಕೆಲಸ. ಸಾವಿರಾರು ಸಾಲುಗಳನ್ನು ಒಂದೊಂದಾಗಿ ಓದುವ ತಾಳ್ಮೆ ಬೇಡುವ ಕೆಲಸ. ಕೆಲಸವೆಲ್ಲ ಅಲ್ಲಿ ಕೂತವರ ಶ್ರದ್ಧೆಯ ಮೇಲೆ ನಿಂತಿದೆ.

ಈಗ ಕಾಕಾನ ಹತ್ತಿರ ಮರಳೋಣ. ಕಚೇರಿಯಲ್ಲಿ ಅವನಿಗೆ ಒಂದು ಕಾಗದ ಕಡಿಮೆ ಇದೆ ಎಂದಿದ್ದರು. ನಾನು ಕೇಳಿದೆ, ಆ ಕಾಗದ ತರಬೇಕು ಅಂತ ಎಲ್ಲಿ ಬರೆದಿದೆ? ಕಾಯಿದೆಯ ಕಲಮಿನಲ್ಲಿದ್ದರೆ ಅದು ಸದನದ ಮಾತು. ನಿಯಮದಲ್ಲಿದ್ದರೆ, ಅಧಿಸೂಚನೆಯ ಮೊದಲ ಸಾಲು ಓದಬೇಕು: ಇಂಥ ಕಾಯಿದೆಯ ಇಂಥ ಕಲಮಿನಿಂದ ಪ್ರದತ್ತವಾದ ಅಧಿಕಾರವನ್ನು ಚಲಾಯಿಸಿ ಎಂದು ಅಲ್ಲಿರುತ್ತದೆ. ಆ ಕಲಂ ತೆಗೆದು, ಲಾರಿ ಲೈಸೆನ್ಸಿನಲ್ಲಿ ಮಾಡಿದ ಹಾಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕಲಮಿನಲ್ಲೂ ಇಲ್ಲ, ನಿಯಮದಲ್ಲೂ ಇಲ್ಲ, ಬರೀ ಸುತ್ತೋಲೆಯಲ್ಲಿದೆ ಎಂದಾದರೆ ವಿಷಯವೇ ಬೇರೆ. ಸುತ್ತೋಲೆಗೆ ಕರಡು ಪ್ರಕಟಣೆ ಇಲ್ಲ, ಸದನದ ಮುಂದೆ ಮಂಡನೆ ಇಲ್ಲ. ನಿಯಮ ಏನೂ ಹೇಳದ ಕಡೆ ಕಚೇರಿಯ ಕೆಲಸಕ್ಕೆ ಅದು ದಾರಿ ತೋರಿಸಬಹುದು. ಆದರೆ ಕಾಯಿದೆ, ನಿಯಮ ಎರಡೂ ಕೊಟ್ಟ ಹಕ್ಕನ್ನು ಅದು ಕಿರಿದು ಮಾಡಲಾಗದು.

"ಅದನ್ನ ಅವರಿಗೆ ಹೆಂಗ ಹೇಳ್ಲಿ?" ಅಂದ ಕಾಕಾ. ವಾದ ಮಾಡಬೇಡ, ಹಿಂಬರಹ ಕೇಳು ಅಂದೆ. ಈ ಕಾಗದ ಯಾವ ಕಲಂ ಅಥವಾ ಯಾವ ನಿಯಮದ ಪ್ರಕಾರ ಬೇಕು ಎಂದು ಬರೆದುಕೊಡಿ ಅಂತ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ತಗೊಂಡು ಬಾ.